ಸೊನ್ನೆ ಗೆರೆ ಹಿಡಿದ ಮೇಲೆ ಮಣ್ಣಿನ ಲೆಕ್ಕ ಕೂಡಿತು

ಎರಡು ಅಡ್ಡ ಸೆಕ್ಷನ್‌ಗಳ ಸರಾಸರಿಯಿಂದ ಮಣ್ಣಿನ ಲೆಕ್ಕ ಹಾಕುವ ಎಂಡ್ ಏರಿಯಾ ಪದ್ಧತಿ ರಸ್ತೆ ಕೆಲಸಕ್ಕೆ ಸರಿ, ಇಳಿಜಾರು ಪ್ಲಾಟಿಗೆ ಬರಲ್ಲ ಅಂತ ನಮ್ಮ ಬೆಳಗಾವಿ ಕಡೆ ಹೇಳುವವರು ಬಹಳ ಜನ. ಖಾನಾಪುರ ಕಡೆಯ ಒಂದು ಪ್ಲಾಟಿನಲ್ಲಿ ನಾನು ಅದೇ ಪದ್ಧತಿಯಲ್ಲಿ ಕಟ್ ಮತ್ತು ಫಿಲ್, ಅಂದರೆ ಕಡಿದು ತೆಗೆಯುವ ಮಣ್ಣು ಮತ್ತು ತಗ್ಗಿಗೆ ತುಂಬುವ ಮಣ್ಣು, ಸರಿದೂಗಿಸಿದೆ. ಹೊರಗಿಂದ ಒಂದು ಟ್ರಿಪ್ ಗರಸೂ ತರಿಸಲಿಲ್ಲ.

ನೆನಪಿನಿಂದ ಬರೆಯುತ್ತಿದ್ದೇನೆ, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಪ್ಲಾಟು 30 ಮೀಟರ್ ಉದ್ದ, 20 ಮೀಟರ್ ಅಗಲ. ಉದ್ದಕ್ಕೆ 3 ಮೀಟರ್ ಇಳಿಜಾರು. ಕೆಳಗಡೆ ಕಲ್ಲಿನ ಗೋಡೆ ಮೊದಲೇ ಇತ್ತು. ಮೇಲಿನ ಬೇರು ಕಸದ ಮಣ್ಣನ್ನು ಕೆರೆಸಿ ತೆಗೆದ ಮೇಲೆಯೇ ಲೆವೆಲ್ ಹಿಡಿದೆ. ಆ ಮಣ್ಣು ಫಿಲ್‌ಗೆ ಬರಲ್ಲ, ಲೆಕ್ಕದಲ್ಲಿ ಸೇರಿಸಿದರೆ ಕೊನೆಗೆ ಕೊರತೆ ಬೀಳುತ್ತದೆ.

ನನಗಿಂತ ಮುಂಚೆ ಲೆಕ್ಕ ಹಾಕಿದವರು 10 ಮೀಟರಿಗೊಂದು ಅಡ್ಡ ಸೆಕ್ಷನ್ ತೆಗೆದು ಸೂತ್ರ ಹಚ್ಚಿದ್ದರು:

```
V = L × (A1 + A2) / 2
```

A1, A2 ಅಂದರೆ ಅಕ್ಕಪಕ್ಕದ ಎರಡು ಸೆಕ್ಷನ್‌ಗಳ ವಿಸ್ತೀರ್ಣ, L ಅವುಗಳ ನಡುವಿನ ದೂರ, V ಮಣ್ಣಿನ ಗಾತ್ರ. ಫಾರ್ಮೇಶನ್ ಲೆವೆಲ್, ಅಂದರೆ ಪ್ಲಾಟು ಕೊನೆಗೆ ಸಮತಟ್ಟಾಗಿ ನಿಲ್ಲಬೇಕಾದ ಮಟ್ಟ, ಇಳಿಜಾರಿನ ನಟ್ಟ ನಡುವೆ ಇತ್ತು. ಮೇಲಿನ ಅಂಚಿನಲ್ಲಿ ಕಟ್ 30 ಚದರ ಮೀಟರ್, 10 ಮೀಟರಿಗೆ ಬಂದಾಗ 10. ಅಲ್ಲಿಯ ತನಕ 200 ಘನ ಮೀಟರ್, ತಕರಾರಿಲ್ಲ. ತೊಂದರೆ ಮುಂದಿನ ಪಟ್ಟಿಯಲ್ಲಿ. 20ನೇ ಮೀಟರಿನಲ್ಲಿ ಕಟ್ ಸೊನ್ನೆ, ಫಿಲ್ 10. ಅವರು ಕಟ್‌ಗೆ (10 + 0) / 2 × 10 ಅಂತ 50 ಹಿಡಿದರು, ಫಿಲ್‌ಗೂ 50. ಆದರೆ ಕಟ್ 15ನೇ ಮೀಟರಿನಲ್ಲೇ ಮುಗಿಯುತ್ತದೆ ಅಲ್ವಾ? ನಿಜವಾದದ್ದು 25, ಎರಡೂ ಕಡೆ. ಕಟ್‌ನಿಂದ ಫಿಲ್ ಕಳೆದು ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ, ಎರಡೂ ಒಂದೇ ಅಳತೆಯಲ್ಲಿ ಉಬ್ಬಿರುತ್ತವೆ. ಬಿಲ್ಲಿನಲ್ಲಿ ಮಾತ್ರ ಸುಮಾರು 9 ಬ್ರಾಸ್ ಕಟಿಂಗ್ ಸುಮ್ನೆ ಜಾಸ್ತಿ; ಒಂದು ಬ್ರಾಸ್ ಅಂದರೆ ನೂರು ಘನ ಅಡಿ, ಸುಮಾರು 2.83 ಘನ ಮೀಟರ್.

ಹಾಗಾಗಿ ನಾನು ಕಟ್ ಮುಗಿದು ಫಿಲ್ ಶುರುವಾಗುವ ಸೊನ್ನೆ ಗೆರೆಯನ್ನು ಸೈಟಿನಲ್ಲೇ ಹುಡುಕಿ ಸುಣ್ಣ ಹಾಕಿಸಿದೆ. ಆ ಗೆರೆಯ ಮೇಲೆ ಒಂದು ಸೆಕ್ಷನ್ ಬಿದ್ದರೆ ಲೆಕ್ಕ ತಾನಾಗಿ ಸರಿಯಾಗುತ್ತದೆ: ಕಟ್ 225, ಫಿಲ್ 225. ಆ ಗೆರೆಯನ್ನು ಸ್ಟಾಫ್ ಹಿಡಿದವನಿಂದ ಬೇಗ ಹುಡುಕಿಸುವ ನನ್ನದೇ ಒಂದು ರೀತಿ ಇದೆ, ಅದು ನನ್ನ ಹತ್ತಿರವೇ ಇರಲಿ.

ಎರಡೂ 225 ಆದರೂ ಸರಿದೂಗುವುದಿಲ್ಲ, ಕಡಿದ ಮಣ್ಣು ದಮ್ಮಸು ಮಾಡಿದಾಗ ಮೊದಲಿನಷ್ಟೇ ಜಾಗ ಹಿಡಿಯುವುದಿಲ್ಲ. ಇದಕ್ಕೊಂದು ಪ್ರಯೋಗ ಮಾಡಿದೆ. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆಸಿದೆ. ಸಡಿಲ ಮಣ್ಣನ್ನು ಪೆಟ್ಟಿಗೆಯಲ್ಲಿ ಅಳೆದರೆ ಒಂದೂಕಾಲು ಘನ ಮೀಟರ್ ಆಯಿತು. ಅದನ್ನೇ ತೆಳ್ಳಗೆ ಪದರ ಪದರವಾಗಿ ಹಾಕಿ, ನೀರು ಹೊಡೆದು, ದಮ್ಮಸು ಮಾಡಿಸಿದೆ. ಮಣ್ಣೆಲ್ಲ ಹೋದ ಮೇಲೂ ಗುಂಡಿ ತುಂಬಲಿಲ್ಲ, ಬಾಯಿ ಹತ್ತಿರ ಸುಮಾರು 10 ಸೆಂ.ಮೀ. ಖಾಲಿ ಉಳಿಯಿತು. ಅಂದರೆ ಈ ಗರಸು ಕೂತಾಗ ಹತ್ತರಲ್ಲಿ ಒಂಬತ್ತು ಪಾಲು. ಗಟ್ಟಿ ಜಂಬಿಟ್ಟಿಗೆ ಒಡೆದರೆ ಈ ಅಂಕಿ ನಡೆಯಲ್ಲ, ಅದು ಕೂತ ಮೇಲೂ ಜಾಗ ಜಾಸ್ತಿ ಹಿಡಿಯುತ್ತದೆ.

225ರ ಕಟ್ ಕೂತರೆ ಸಿಗುವುದು 202 ಚಿಲ್ಲರೆ. ಉಳಿದದ್ದಕ್ಕೆ ಸಡಿಲ ಗರಸು 11 ಬ್ರಾಸಿನಷ್ಟು ತರಿಸಬೇಕಿತ್ತು, ಆಗಿನ ದರಕ್ಕೆ 13 ಸಾವಿರದ ಆಸುಪಾಸು. ನಾನು ಫಾರ್ಮೇಶನ್ ಲೆವೆಲ್ಲನ್ನು 4 ಸೆಂ.ಮೀ. ಇಳಿಸಿದೆ, ಅಷ್ಟೇ. ಸೊನ್ನೆ ಗೆರೆ 40 ಸೆಂ.ಮೀ. ಕೆಳಗೆ ಸರಿಯಿತು. ಕಟ್ 237, ಫಿಲ್ 213. 237ಕ್ಕೆ ಒಂಬತ್ತು ಪಾಲು ಹಿಡಿಯಿರಿ, 213 ಬರುತ್ತದೆ.

"ಏನ್ರೀ ಸರ, ಟ್ರಿಪ್ ಎಣಿಸಿದ್ರ ಮುಗೀತಲ್ರಿ, ಇಷ್ಟೆಲ್ಲಾ ಯಾಕ?" ಅಂತ ಟ್ರ್ಯಾಕ್ಟರಿನವನು ಕೇಳಿದ್ದ. ಕೆಲಸ ಮುಗಿದಾಗ ಅವನ ಲೆಕ್ಕ ನೂರು ಟ್ರಿಪ್ ದಾಟಿತ್ತು, ಟ್ರಿಪ್ಪಿಗೆ ಒಂದು ಬ್ರಾಸ್. ನನ್ನದು ನೆಲದಲ್ಲಿದ್ದಂತೆ 84 ಬ್ರಾಸ್. 84ಕ್ಕೆ ಕಾಲು ಭಾಗ ಸೇರಿಸಿ ತೋರಿಸಿದೆ, 105. ಅವನ ವಹಿಯಲ್ಲಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ನೆಲದ ಅಳತೆಗೆ ದರ ಅಂತ ಮೊದಲೇ ಬರೆಸಿಕೊಂಡಿದ್ದರಿಂದ ಮಾಲೀಕರಿಗೆ ಏಳು ಸಾವಿರದಷ್ಟು ಉಳಿಯಿತು. ಸಂಶಯ ಪಟ್ಟವರೇ ಈಗ ಮುಂದಿನ ಪ್ಲಾಟಿಗೆ ನನ್ನನ್ನು ಕರೆಯುತ್ತಿದ್ದಾರೆ.

ಇಳಿಜಾರು ಮೂಲೆಯಿಂದ ಮೂಲೆಗೆ ಇದ್ದರೆ ಮಾತ್ರ ಹುಷಾರು. ಅಲ್ಲಿ ಕಟ್ ಮೊನಚಾಗಿ ಮುಗಿಯುತ್ತದೆ, ಅಗಲ ಆಳ ಎರಡೂ ಕರಗುತ್ತವೆ. 8 ಮೀಟರ್ ಅಗಲ, 1.2 ಮೀಟರ್ ಎತ್ತರದ ತ್ರಿಕೋನ 10 ಮೀಟರಿನಲ್ಲಿ ಇಲ್ಲವಾದರೆ ಸರಾಸರಿ 24 ಹೇಳುತ್ತದೆ, ನಿಜ 16. ನಡುವೆ ಇನ್ನೊಂದು ಸೆಕ್ಷನ್ ತೆಗೆದರೆ 18ಕ್ಕೆ ಇಳಿಯುತ್ತದೆ. ಅಂಥ ಮೂಲೆಗಳಲ್ಲಿ ನಾನು 5 ಮೀಟರಿಗಿಂತ ದೂರ ಸೆಕ್ಷನ್ ಇಡುವುದಿಲ್ಲ.