ಶನಿವಾರದ ಡಬ್ಬಿ, ಹಿಂದಿನ ಶುಕ್ರವಾರದ ಬಿತ್ತನೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿ ಪೂರ್ವಕ್ಕಿದೆ. ಬೆಳಗಿನ ಎಳೆಬಿಸಿಲು ಬೀಳುತ್ತದೆ, ಮೊಳೆತ ಸ್ವಲ್ಪ ದಿನಕ್ಕೇ ಎಳೆಯದಾಗಿ ಕೊಯ್ಯುವ ಸೊಪ್ಪಾದ ಮೈಕ್ರೋಗ್ರೀನ್ಸ್‌ಗೆ ಅಷ್ಟು ಸಾಕು. ಅಲ್ಲೊಂದು ಕಬ್ಬಿಣದ ರ‍್ಯಾಕಿನಲ್ಲಿ ಬೆಳೆದು, ಸುತ್ತಮುತ್ತಲ ಮನೆಗಳಿಗೆ ಪ್ರತಿ ಶನಿವಾರ ಬೆಳಿಗ್ಗೆ ಕೊಡುತ್ತೇನೆ. ಬೆಳೆಸುವುದನ್ನು ಯಾರಾದರೂ ಬೇಗ ಕಲಿತುಬಿಡುತ್ತಾರೆ. ಸೊಪ್ಪು ಹದಕ್ಕೆ ಬರುವ ದಿನಕ್ಕೂ ಡಬ್ಬಿ ಕೊಡುವ ದಿನಕ್ಕೂ ತಾಳೆ ಹಾಕುವುದರಲ್ಲೇ ಕೆಲಸವಿರುವುದು. ಹಾಗಾಗಿ ನಾನು ಶನಿವಾರದಿಂದ ಹಿಂದಕ್ಕೆ ಎಣಿಸುತ್ತೇನೆ.

ಮೂಲಂಗಿಯನ್ನೇ ತೆಗೆದುಕೊಳ್ಳಿ. ಹಿಂದಿನ ವಾರದ ಶುಕ್ರವಾರ ಸಂಜೆ ಬಿತ್ತನೆ. ಹತ್ತು ಇಂಚು ಅಗಲ, ಇಪ್ಪತ್ತು ಇಂಚು ಉದ್ದದ ತೂತಿರುವ ಟ್ರೇಯಲ್ಲಿ ಒಂದಿಂಚು ಒದ್ದೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹರಡಿ, ಮೇಲೆ ಸುಮಾರು 30 ಗ್ರಾಂ ಬೀಜ ಸಮನಾಗಿ ಚೆಲ್ಲುತ್ತೇನೆ. ಕೋಕೋಪೀಟ್ ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿಯಬಾರದು. ನರ್ಸರಿಯಲ್ಲಿ ಸಿಗುವ ಗುಲಾಬಿ, ಹಸಿರು ಬಣ್ಣ ಬಳಿದ ಬೀಜ ಬೇಡ. ಆ ಬಣ್ಣದ ಜೊತೆ ಶಿಲೀಂಧ್ರನಾಶಕ ಇರುತ್ತದೆ, ಒಂದೇ ವಾರಕ್ಕೆ ಹಸಿಯಾಗಿ ತಿನ್ನುವ ಸೊಪ್ಪಿಗೆ ಅದು ಸಲ್ಲದು. ಸಾಸಿವೆ, ಮೆಂತ್ಯಕ್ಕಾದರೆ ಅಡುಗೆಮನೆಯ ಡಬ್ಬದ್ದೇ ಆಗುತ್ತದೆ.

ಬೀಜದ ಮೇಲೆ ನೀರು ಚಿಮುಕಿಸಿ, ಇನ್ನೊಂದು ಖಾಲಿ ಟ್ರೇ ಮುಚ್ಚಿ, ಅದರ ಮೇಲೆ ಒಂದು ಇಟ್ಟಿಗೆ ಇಡುತ್ತೇನೆ. ಭಾರವಿದ್ದರೆ ಬೇರು ಕೆಳಕ್ಕೆ ಇಳಿಯುತ್ತದೆ, ಮೊಳಕೆಯೂ ಒಂದೇ ಸಮ ಏಳುತ್ತದೆ. ಸೋಮವಾರ ಬೆಳಿಗ್ಗೆ ತೆರೆದರೆ ಹಳದಿ ಮೊಳಕೆಗಳು ಮುಚ್ಚಳವನ್ನೇ ಎತ್ತಿರುತ್ತವೆ. ಅಲ್ಲಿಂದ ಬೆಳಕಿಗೆ. ನೀರು ಇನ್ನು ಮೇಲಿಂದ ಹಾಕುವುದಿಲ್ಲ. ತೂತಿಲ್ಲದ ಟ್ರೇಗೆ ನೀರು ಸುರಿದು ಬೆಳೆಯ ಟ್ರೇಯನ್ನು ಅದರೊಳಗೆ ಕೂರಿಸುತ್ತೇನೆ, ಅರ್ಧ ಗಂಟೆಯಲ್ಲಿ ಹೀರಿಕೊಳ್ಳದೆ ಉಳಿದದ್ದನ್ನು ಚೆಲ್ಲುತ್ತೇನೆ. ಡಿಸೆಂಬರ್ ಚಳಿಯಲ್ಲಿ ಇದೆಲ್ಲ ಒಂದು ದಿನ ತಡವಾಗುತ್ತದೆ, ಆಗ ಗುರುವಾರವೇ ಬಿತ್ತುವುದು. ಸೂರ್ಯಕಾಂತಿಗೆ ಇನ್ನೂ ಮುಂಚೆ ಶುರುಮಾಡಬೇಕು: ಹಿಂದಿನ ವಾರದ ಮಂಗಳವಾರ ಬೆಳಿಗ್ಗೆ ನೆನೆಹಾಕಿ ಸಂಜೆ ಬಿತ್ತಿದರೆ ಹನ್ನೊಂದು ದಿನಕ್ಕೆ ಶನಿವಾರ ಸಿಗುತ್ತದೆ.

ಮುಚ್ಚಳ ತೆಗೆದಾಗ ಬೇರಿನ ಸುತ್ತ ಬಿಳಿ ನವಿರು ಕಂಡು ಟ್ರೇಯನ್ನೇ ಕಸಕ್ಕೆ ಹಾಕಿದವರಿದ್ದಾರೆ. ಬಾಲ್ಕನಿ ನೋಡಲು ಬಂದ ಪಕ್ಕದ ಮನೆ ಆಂಟಿಯೂ ಕೇಳಿದರು, "ಏನಮ್ಮಾ ಇದು, ಬೂಷ್ಟು ಹಿಡಿದಿದೆಯಲ್ಲ?" ಸ್ಪ್ರೇ ಬಾಟಲಿಯಿಂದ ಎರಡು ಸಲ ನೀರು ಹೊಡೆದು ತೋರಿಸಿದೆ. ನವಿರು ಬೇರಿಗೆ ಅಂಟಿ ಮಾಯವಾಯಿತು. ಅದು ಬೇರುಗೂದಲು, ಪ್ರತಿ ಬೇರಿಗೂ ಒಂದೇ ಥರ ಇರುತ್ತದೆ. ನಿಜವಾದ ಬೂಷ್ಟು ಜೇಡರ ಬಲೆಯ ಹಾಗೆ ಒಂದು ಕಡೆಯಿಂದ ಗಿಡದಿಂದ ಗಿಡಕ್ಕೆ, ಕೋಕೋಪೀಟಿನ ಮೇಲೂ ಹಬ್ಬುತ್ತದೆ. ನೀರು ಹೊಡೆದರೂ ಹೋಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಅಂಥ ಟ್ರೇಯಲ್ಲಿ ಚೆನ್ನಾಗಿರುವ ಅರ್ಧವನ್ನು ಕೊಯ್ದು ಮಾರುವ ಆಸೆ ಬೇಡ, ಪೂರ್ತಿ ಗೊಬ್ಬರದ ಗುಂಡಿಗೆ. ಮಳೆಗಾಲದಲ್ಲಿ ಇದರ ಕಾಟ ಜಾಸ್ತಿ. ಜೂನ್ ಬಂದರೆ ನಾನು ಬೀಜವನ್ನು 25 ಗ್ರಾಂಗೆ ಇಳಿಸಿ, ಸಣ್ಣ ಟೇಬಲ್ ಫ್ಯಾನನ್ನು ರ‍್ಯಾಕಿನ ಕಡೆ ತಿರುಗಿಸಿಡುತ್ತೇನೆ. ಫ್ಯಾನ್ ಇಟ್ಟಮೇಲೆ ಬುಡ ಕೊಳೆತು ಮಲಗುವುದೂ ಬಹಳ ಕಡಿಮೆಯಾಯಿತು.

ಶುಕ್ರವಾರ ಮಧ್ಯಾಹ್ನದ ನಂತರ ನೀರು ಬಂದ್. ಶನಿವಾರ ಬಿಸಿಲೇರುವ ಮುಂಚೆ ಹರಿತವಾದ ಚಾಕುವಿನಿಂದ ಕೋಕೋಪೀಟಿಗೆ ತಾಗದಂತೆ ಒಂದು ಬೆರಳು ಮೇಲಕ್ಕೆ ಕೊಯ್ಯುತ್ತೇನೆ. ತೊಳೆಯುವುದಿಲ್ಲ, ತೇವವಿದ್ದರೆ ಡಬ್ಬಿಯಲ್ಲೇ ಕೊಳೆಯುತ್ತದೆ. ತಿನ್ನುವಾಗ ತೊಳೆಯಿರಿ ಎಂದು ಡಬ್ಬಿಯ ಮೇಲೆ ಬರೆದಿರುತ್ತೇನೆ. ತೇವವಿಲ್ಲದ ಸೊಪ್ಪು ಫ್ರಿಜ್ಜಿನಲ್ಲಿ ಐದಾರು ದಿನ ನಿಲ್ಲುತ್ತದೆ.

ಒಂದು ಟ್ರೇಗೆ 200 ಗ್ರಾಂ ಸಿಕ್ಕಿತೆಂದರೆ 50 ಗ್ರಾಂನ ನಾಲ್ಕು ಡಬ್ಬಿ. ಡಬ್ಬಿಗೆ 60 ರೂಪಾಯಿಯಂತೆ 240. ಬೀಜ, ಕೋಕೋಪೀಟ್, ಡಬ್ಬಿ ಸೇರಿ ಸುಮಾರು 50 ಕಳೆಯಿರಿ. ಉಳಿದದ್ದು ಲಾಭ ಎನ್ನುವವರು ತಮ್ಮ ಕೂಲಿ ಲೆಕ್ಕ ಹಾಕಿಲ್ಲ. ಮಾರದೆ ಉಳಿದ ಒಂದು ಡಬ್ಬಿ ಇಡೀ ಟ್ರೇಯ ಖರ್ಚಿಗಿಂತ ಹೆಚ್ಚು ನುಂಗುತ್ತದೆ. ಅದಕ್ಕೇ ವಾಟ್ಸಾಪ್ ಗುಂಪಿನಲ್ಲಿ ಗುರುವಾರ ರಾತ್ರಿಯೊಳಗೆ ಮುಂದಿನ ವಾರದ ಆರ್ಡರ್ ಬರೆಸಿಕೊಂಡು, ಶುಕ್ರವಾರ ಅಷ್ಟೇ ಮೂಲಂಗಿ ಬಿತ್ತುತ್ತೇನೆ. ಸೂರ್ಯಕಾಂತಿಗೆ ಈ ಅನುಕೂಲವಿಲ್ಲ, ಅದನ್ನು ಅಂದಾಜಿನ ಮೇಲೆ ಬಿತ್ತಬೇಕು. ಹಾಗಾಗಿ ಅದು ಯಾವಾಗಲೂ ಕಮ್ಮಿಯೇ.

ಗಿರಾಕಿಗಳು ಬಿಡುವುದು ರುಚಿ ಕೆಟ್ಟದ್ದೆಂದಲ್ಲ, ಫ್ರಿಜ್ಜಿನಲ್ಲಿ ಹಳೆಯ ಡಬ್ಬಿ ಹಾಗೇ ಉಳಿದಿರುತ್ತದೆ ಎಂದು. "ಈ ವಾರ ಅರ್ಧ ಕೊಡಿ" ಎಂದರೆ ಅವರು ಸದ್ಯದಲ್ಲೇ ನಿಲ್ಲಿಸುತ್ತಾರೆಂದೇ ಅರ್ಥ. ಅಂಥ ಮನೆಗೆ ನಾನೇ ವಾರ ಬಿಟ್ಟು ವಾರ ಮಾಡಿಬಿಡುತ್ತೇನೆ. ಮಕ್ಕಳಿರುವ ಮನೆಗೆ ಖಾರದ ಮೂಲಂಗಿ ಕಡಿಮೆ ಮಾಡಿ ಸೂರ್ಯಕಾಂತಿ ಹಾಕುತ್ತೇನೆ. ಕೋಸಂಬರಿಗೆ, ಮೊಸರನ್ನಕ್ಕೆ, ದೋಸೆ ಇಳಿಸಿದ ಮೇಲೆ ಉದುರಿಸಿಕೊಳ್ಳಿ ಎಂದು ಹೇಳಿದ ಮನೆಗಳಲ್ಲಿ ಡಬ್ಬಿ ಖಾಲಿಯಾಗುತ್ತದೆ. ಸಲಾಡ್ ಮಾಡಿ ಎಂದರೆ ಆಗುವುದಿಲ್ಲ. "ಇದರಿಂದ ಶುಗರ್ ಇಳಿಯುತ್ತಾ?" ಎಂದು ಕೇಳುವವರಿಗೆ, ಇದು ಸೊಪ್ಪು, ಮಾತ್ರೆ ನಿಲ್ಲಿಸಬೇಡಿ ಎನ್ನುತ್ತೇನೆ.