ತಾಯಿಯ ಮನಸ್ಸು, ಮಗುವಿನ ನೋಟ: ಇಂಗ್ಲೆಂಡಿನಲ್ಲಿ ಹೆರಿಗೆಯ ನಂತರದ ಖಿನ್ನತೆಗೆ ನೆರವು ಪಡೆಯುವ ಬಗೆ

ಇಂಗ್ಲೆಂಡಿನಲ್ಲಿ ಹೆರಿಗೆಯಾದ ತಾಯಿಯೊಬ್ಬರು ಖಿನ್ನತೆಗೆ ಒಳಗಾದರೆ ಅವರಿಗೆ ಸಿಗುವ ನೆರವು ಎರಡು ಬೇರೆ ಬೇರೆ ಬಾಗಿಲುಗಳಿಂದ ಬರುತ್ತದೆ. ಒಂದು ತಾಯಿಯ ಖಿನ್ನತೆಗೆ ಚಿಕಿತ್ಸೆ ಕೊಡುವ ಬಾಗಿಲು, ಇನ್ನೊಂದು ತಾಯಿ ಮತ್ತು ಮಗುವಿನ ನಡುವಿನ ಒಡನಾಟವನ್ನು ನೋಡಿಕೊಳ್ಳುವ ಬಾಗಿಲು. ಮೊದಲನೆಯದನ್ನು ಇಲ್ಲಿನ ವ್ಯವಸ್ಥೆ ತಾನಾಗಿಯೇ ವಿಚಾರಿಸುತ್ತದೆ. ಎರಡನೆಯದನ್ನು ಬಹಳಷ್ಟು ಊರುಗಳಲ್ಲಿ ನಾವೇ ಕೇಳಿ ಪಡೆಯಬೇಕಾಗುತ್ತದೆ. ಈ ವ್ಯತ್ಯಾಸ ಏಕೆ ಮುಖ್ಯ ಎಂಬುದು ಗೊತ್ತಿಲ್ಲದ ಕಾರಣ, ತಾಯಿಗೆ ಮಾತ್ರೆ ಸಿಕ್ಕಿದ ಮೇಲೆ ಕೆಲಸ ಮುಗಿಯಿತೆಂದು ಸುಮ್ಮನಾಗುವ ಕುಟುಂಬಗಳು ಹಲವು.

ಮೊದಲು ಭೇಟಿಗಳ ಲೆಕ್ಕ. ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಮಿಡ್‌ವೈಫ್ ಮನೆಗೆ ಬರುತ್ತಾರೆ. ಆಮೇಲೆ ಜವಾಬ್ದಾರಿ ಹೆಲ್ತ್ ವಿಸಿಟರ್‌ಗೆ ಹೋಗುತ್ತದೆ. ಇವರು ನರ್ಸ್ ಅಥವಾ ಮಿಡ್‌ವೈಫ್ ಆಗಿದ್ದು ಮಕ್ಕಳ ಆರೋಗ್ಯದಲ್ಲಿ ಹೆಚ್ಚಿನ ತರಬೇತಿ ಪಡೆದವರು. ಮಗುವಿಗೆ 10ರಿಂದ 14 ದಿನವಾದಾಗ ಹೆರಿಗೆಯ ನಂತರದ ಅವರ ಮೊದಲ ಭೇಟಿ, 6ರಿಂದ 8 ವಾರಕ್ಕೆ ಎರಡನೆಯದು, ಆಮೇಲೆ 9ರಿಂದ 12 ತಿಂಗಳ ನಡುವೆ ಮತ್ತೊಂದು, ಕೊನೆಗೆ ಎರಡರಿಂದ ಎರಡೂವರೆ ವರ್ಷಕ್ಕೆ ಇನ್ನೊಂದು. ಜಿಪಿ ಕೂಡ 6ರಿಂದ 8 ವಾರಕ್ಕೆ ತಾಯಿಯನ್ನೂ ಮಗುವನ್ನೂ ಪರೀಕ್ಷಿಸುತ್ತಾರೆ. ಎಂಟನೆಯ ವಾರದಿಂದ ಒಂಬತ್ತನೆಯ ತಿಂಗಳವರೆಗೆ ಕಡ್ಡಾಯ ಭೇಟಿ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಮಗು ಮುಖ ನೋಡಿ ನಗಲು, ದನಿಗೆ ದನಿ ಕೊಡಲು ಕಲಿಯುವ ಕಾಲ ಅದೇ. ಆ ಅವಧಿಯಲ್ಲಿ ಯಾರೋ ಬಂದು ಕೇಳಲಿ ಎಂದು ಕಾಯದೆ ನೀವೇ ಹೆಲ್ತ್ ವಿಸಿಟರ್ ತಂಡಕ್ಕೆ ಫೋನ್ ಮಾಡಬಹುದು. ಆ ತಂಡದ ಸಂಖ್ಯೆಯನ್ನು ಸಾಮಾನ್ಯವಾಗಿ ರೆಡ್ ಬುಕ್ ಎಂದು ಕರೆಯುವ ಮಗುವಿನ ಆರೋಗ್ಯ ಪುಸ್ತಕದಲ್ಲಿ ಬರೆದಿರುತ್ತಾರೆ.

ಭೇಟಿಯಲ್ಲಿ ಅವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿದಂತೆ, ಭರವಸೆ ಕಳೆದುಕೊಂಡಂತೆ ಅನಿಸಿ ತೊಂದರೆಯಾಗಿದೆಯೇ, ಯಾವ ಕೆಲಸದಲ್ಲೂ ಆಸಕ್ತಿಯಾಗಲಿ ಸಂತೋಷವಾಗಲಿ ಇಲ್ಲದಂತಾಗಿದೆಯೇ ಎಂದು. ಯಾವುದಾದರೊಂದಕ್ಕೆ ಹೌದೆಂದರೆ ಎಡಿನ್‌ಬರೋ ಮಾಪಕವನ್ನು ತುಂಬಲು ಕೊಡುವುದುಂಟು. 1987ರಲ್ಲಿ ಪ್ರಕಟವಾದ ಈ ಮಾಪಕದಲ್ಲಿ ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಹೆಚ್ಚು ಬಂದರೆ ಮುಂದಿನ ಪರಿಶೀಲನೆಗೆ ಕಳಿಸುತ್ತಾರೆ, ಕೆಲವು ತಂಡಗಳು 10ಕ್ಕೇ ಎಚ್ಚರಗೊಳ್ಳುತ್ತವೆ. ಅಂಕ ರೋಗನಿರ್ಣಯವಲ್ಲ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗೆಗಿನ ಹತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದರೆ ಮಾತ್ರ ಒಟ್ಟು ಅಂಕ ಎಷ್ಟೇ ಇರಲಿ, ಅವರು ಅಂದೇ ವಿಚಾರಿಸಬೇಕು.

ಇಲ್ಲಿ ನಮ್ಮ ಭಾಷೆಯೇ ಅಡ್ಡಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮವರು ಮನಸ್ಸಿನ ಸಂಕಟವನ್ನು ‘ಸುಸ್ತು’, ‘ತಲೆ ಭಾರ’, ‘ಎದೆ ಹಿಡಿದಂಗೆ’ ಎಂದು ದೇಹದ ಮಾತಿನಲ್ಲೇ ಹೇಳುತ್ತೇವೆ. ಅದನ್ನು ಪಕ್ಕದಲ್ಲಿ ಕುಳಿತ ಗಂಡ ‘ಟಯರ್ಡ್’ ಎಂದು ಅನುವಾದಿಸುತ್ತಾನೆ. ನರ್ಸ್ ಅಷ್ಟನ್ನೇ ಬರೆದುಕೊಂಡು, ಹಸುಗೂಸಿರುವ ಮನೆಯಲ್ಲಿ ದಣಿವು ಸಹಜವೆಂದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಎನ್‌ಎಚ್‌ಎಸ್‌ನಲ್ಲಿ ಕನ್ನಡದ ಇಂಟರ್‌ಪ್ರಿಟರ್ ಬೇಕೆಂದು ಕೇಳಬಹುದು, ಅದಕ್ಕೆ ಹಣ ಕೊಡಬೇಕಿಲ್ಲ, ಹೆಚ್ಚಾಗಿ ಫೋನಿನ ಮೂಲಕ ಒದಗಿಸುತ್ತಾರೆ. ಭೇಟಿಯ ದಿನ ನಿಗದಿಯಾಗುವಾಗಲೇ ಇದನ್ನು ಹೇಳಬೇಕು. ಮನೆಯವರು ಅನುವಾದಕರಾಗದಿರುವುದು ಒಳ್ಳೆಯದು, ಏಕೆಂದರೆ ಗಂಡನ ಬಗ್ಗೆಯೋ ಅತ್ತೆಯ ಬಗ್ಗೆಯೋ ಇರುವ ಮಾತು ಅವರ ಮುಂದೆ ಹೊರಬರುವುದಿಲ್ಲ.

ಈಗ ಮಗುವಿನ ಕಡೆಗೆ ಬರೋಣ. ಎರಡು ತಿಂಗಳ ಕೂಸಿಗೆ ತಾಯಿಯ ಮುಖ ಕಂಡರೆ ಸಾಲದು, ಆ ಮುಖ ತನಗೆ ಉತ್ತರಿಸುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ಲಿನ್ ಮರೆ ಮತ್ತು ಕಾಲ್ವಿನ್ ಟ್ರೆವಾರ್ಥೆನ್ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ತಾಯಿ ಒಂದು ಕೋಣೆಯಲ್ಲೂ ಮಗು ಇನ್ನೊಂದರಲ್ಲೂ ಇದ್ದು, ಟಿವಿ ಪರದೆಯ ಮೂಲಕ ನಗುತ್ತಾ ದನಿ ಮಾಡುತ್ತಾ ಇದ್ದರು. ಬಳಿಕ ತಾಯಿಯ ಅದೇ ನಗುಮುಖದ ಹಿಂದಿನ ಚಿತ್ರೀಕರಣವನ್ನು ಮಗುವಿಗೆ ತೋರಿಸಿದಾಗ, ನಗು ಅದೇ ಆಗಿದ್ದರೂ ತನ್ನ ಚಲನೆಗೆ ಹೊಂದದ ಕಾರಣ ಮಗು ಗೊಂದಲಗೊಂಡು ನೋಟ ತಿರುಗಿಸಿತು. ಖಿನ್ನತೆ ಕೆಡಿಸುವುದು ಈ ಹೊಂದಿಕೆಯನ್ನು. ಕೆಲವು ತಾಯಂದಿರು ಮೌನವಾಗಿ ಹಿಂದೆ ಸರಿಯುತ್ತಾರೆ. ಇನ್ನು ಕೆಲವರು ಆತಂಕದಿಂದ, ಮಗು ವಿಶ್ರಾಂತಿಗೆಂದು ಮುಖ ತಿರುಗಿಸಿದಾಗಲೂ ಬಿಡದೆ ಆಟಿಕೆ ಆಡಿಸುತ್ತಾರೆ, ಗಲ್ಲ ಮುಟ್ಟಿ ತಿರುಗಿಸುತ್ತಾರೆ. ಎರಡನೆಯದು ಹೊರಗಿನವರ ಕಣ್ಣಿಗೆ ಅಕ್ಕರೆಯಂತೆಯೇ ಕಾಣುವುದರಿಂದ ಸುಲಭವಾಗಿ ತಪ್ಪಿಹೋಗುತ್ತದೆ. ದನಿಯೂ ಬದಲಾಗುತ್ತದೆ. ಕೂಸಿನೊಡನೆ ಮಾತಾಡುವಾಗ ತಾನಾಗಿಯೇ ಬರುವ ಏರಿಳಿತ ಕಡಿಮೆಯಾಗಿ ಮಾತು ಚಪ್ಪಟೆಯಾಗುತ್ತದೆ, ಅಂಥ ದನಿಗೆ ಮಗುವಿನ ಗಮನ ಕಡಿಮೆ ನಿಲ್ಲುತ್ತದೆ.

ಇದರಿಂದ ಮುಂದೆ ಭಾಷೆ, ಕಲಿಕೆ, ತಾಯಿಯ ಬಳಿ ಸಮಾಧಾನ ಹುಡುಕುವ ರೀತಿ ಇವುಗಳಲ್ಲಿ ತೊಡಕಾಗುವ ಸಂಭವ ಹೆಚ್ಚುತ್ತದೆ. ಆದರೆ ಇದು ಸಂಭವ ಮಾತ್ರ, ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಅಪಾಯ ಹೆಚ್ಚಾಗಿ ಕಾಣುವುದು ಖಿನ್ನತೆ ತೀವ್ರವಾಗಿದ್ದು ತಿಂಗಳುಗಟ್ಟಲೆ ಮುಂದುವರಿದಾಗ. ಹೆರಿಗೆಯ ಮೊದಲ ವಾರ-ಎರಡು ವಾರದ ಅಳು ಮತ್ತು ಬೇಸರ ಬೇರೆಯೇ ಸಂಗತಿ, ಅದು ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಮಗುವಿಗೆ ಉತ್ತರಿಸುವ ಇನ್ನೊಂದು ಮುಖವಿದ್ದರೆ ಅದೂ ಆಸರೆಯಾಗುತ್ತದೆ.

ತಾಯಿಗೆ ಚಿಕಿತ್ಸೆ ಕೊಟ್ಟರೆ ಇದೂ ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ಪೂರ್ತಿಯಾಗಿ ಅಲ್ಲ. ಕೇಂಬ್ರಿಡ್ಜ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ಬಗೆಯ ಮಾತಿನ ಚಿಕಿತ್ಸೆಯೂ ತಾಯಂದಿರ ಮನಸ್ಸನ್ನು ಬೇಗ ಹಗುರ ಮಾಡಿತು, ಆದರೆ ಮಕ್ಕಳ ಬೆಳವಣಿಗೆಯಲ್ಲಿ ಉಳಿಯುವಂಥ ವ್ಯತ್ಯಾಸ ಕಾಣಲಿಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ ಮನೆಗೇ ಬಂದು ತಾಯಿ-ಮಗುವಿನದೇ ವಿಡಿಯೋ ತೋರಿಸಿ ಒಡನಾಟದ ಮೇಲೆ ಕೆಲಸ ಮಾಡಿದಾಗ ತಾಯಿಯ ಸ್ಪಂದನೆಯೂ ಮಗುವಿನ ನಂಟೂ ಸುಧಾರಿಸಿದವು. ಆದರೆ ಆಕ್ಸ್‌ಫರ್ಡಿನ ತಂಡವೊಂದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಪಡೆದ ಎರಡು ಗುಂಪುಗಳ ಪೈಕಿ ಒಂದಕ್ಕೆ ಮಾತ್ರ ವಿಡಿಯೋ ನೆರವು ಸೇರಿಸಿದರೂ, ಎರಡು ವರ್ಷದಲ್ಲಿ ಮಕ್ಕಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆಯ ಮಕ್ಕಳು ವಯಸ್ಸಿಗೆ ತಕ್ಕಂತೆಯೇ ಇದ್ದರು. ಹಾಗಾಗಿ ವಿಡಿಯೋ ನೆರವನ್ನು ಖಿನ್ನತೆಯ ಚಿಕಿತ್ಸೆಗೆ ಬದಲಿಯೆಂದು ಭಾವಿಸಬಾರದು. ಒಡನಾಟದಲ್ಲಿ ತೊಡಕು ಕಣ್ಣಿಗೆ ಬಿದ್ದಾಗ ಚಿಕಿತ್ಸೆಯ ಜೊತೆಗೆ ಅದನ್ನೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಆ ನೆರವು ಹೇಗಿರುತ್ತದೆಂದು ತೋರಿಸಲು ಹಲವರ ಅನುಭವ ಸೇರಿಸಿ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಹದಿನಾಲ್ಕು ವಾರದ ಹೆಣ್ಣುಮಗು. ತಾಯಿಯ ಎಡಿನ್‌ಬರೋ ಅಂಕ 17, ಹತ್ತನೆಯ ಪ್ರಶ್ನೆಗೆ ಸೊನ್ನೆ. ‘ಅವಳಿಗೆ ನಾನೆಂದರೆ ಇಷ್ಟವಿಲ್ಲ, ನನ್ನ ಕಡೆ ನೋಡೋದೇ ಇಲ್ಲ’ ಎಂದು ಆಕೆ ಹೆಲ್ತ್ ವಿಸಿಟರ್‌ಗೆ ಹೇಳಿದರು. ಹಾಲುಣಿಸುವ ತಾಯಂದಿರಿಗೆ ಸಾಮಾನ್ಯವಾಗಿ ಆರಿಸಿಕೊಳ್ಳುವ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆಯನ್ನು ಜಿಪಿ ಬರೆದರು, ಮಾತಿನ ಚಿಕಿತ್ಸೆಗೆ ಆಕೆ ತಾವೇ ಹೆಸರು ಕೊಟ್ಟರು. ಆ ‘ನೋಡೋದೇ ಇಲ್ಲ’ ಎಂಬ ಮಾತಿಗಾಗಿ ಹೆಲ್ತ್ ವಿಸಿಟರ್ ತಾಯಿ-ಮಗುವಿನ ತಂಡಕ್ಕೂ ಬರೆದರು. ಅಲ್ಲಿಂದ ಬಂದವರು ಡಯಾಪರ್ ಬದಲಿಸುವ ಹೊತ್ತಿನಲ್ಲಿ ಎಂಟು ನಿಮಿಷ ಚಿತ್ರೀಕರಿಸಿ, ಮುಂದಿನ ವಾರ ಅದರಲ್ಲಿ ಆರಿಸಿದ ಮೂರು ತುಣುಕುಗಳನ್ನಷ್ಟೇ ತೋರಿಸಿದರು. ಒಂದು ತುಣುಕು ನಾಲ್ಕು ಸೆಕೆಂಡಿನದು: ತಾಯಿ ಬಟ್ಟೆ ಮಡಿಸುತ್ತಾ ಕಣ್ಣು ಕೆಳಗೆ ಹಾಕಿದ್ದಾರೆ, ಮಗು ಅವರ ಮುಖವನ್ನೇ ನೋಡುತ್ತಾ ಬಾಯಿ ತೆರೆದಿದೆ, ಅವರು ತಲೆಯೆತ್ತುವ ಹೊತ್ತಿಗೆ ಮಗು ನೋಟ ತಿರುಗಿಸಿಯಾಗಿದೆ. ಮತ್ತೊಂದರಲ್ಲಿ ತಾಯಿ ‘ಏನು ಪುಟ್ಟಾ’ ಎಂದು ನಿಲ್ಲಿಸಿದಾಗ ಮಗು ಎರಡು ಸೆಕೆಂಡಿನ ಮೇಲೆ ‘ಊಂ’ ಎನ್ನುತ್ತದೆ. ಮಗು ನೋಡುತ್ತಿತ್ತು, ಹೊತ್ತು ಮಾತ್ರ ತಪ್ಪುತ್ತಿತ್ತು. ಮುಂದಿನ ಐದು ಭೇಟಿಗಳಲ್ಲಿ ಆಕೆ ಕಲಿತದ್ದು ಮುಖ್ಯವಾಗಿ ಆ ಎರಡು ಸೆಕೆಂಡು ಕಾಯುವುದನ್ನು, ಮಗು ಮುಖ ತಿರುಗಿಸಿದರೆ ಅದು ಮರಳಿ ಬರುವವರೆಗೆ ಬಿಡುವುದನ್ನು. ತಪ್ಪುಗಳನ್ನು ಎತ್ತಿ ಆಡದೆ ಸರಿಯಾದ ಗಳಿಗೆಗಳತ್ತಲೇ ಗಮನ ಸೆಳೆಯುವುದು ಈ ಪದ್ಧತಿಯ ಕ್ರಮ. ಖಿನ್ನತೆಯಲ್ಲಿ ತನ್ನನ್ನೇ ದೂರುತ್ತಿರುವವರಿಗೆ ಇನ್ನೊಂದು ದೂರು ತೋರಿಸಿ ಪ್ರಯೋಜನವಿಲ್ಲ.

ಇದಕ್ಕೆ ‘ವಿಡಿಯೋ ಇಂಟರ್‌ಆ್ಯಕ್ಷನ್ ಗೈಡೆನ್ಸ್’ ಎಂದು ಹೆಸರು. ಕೆಲವು ಊರುಗಳಲ್ಲಿ ‘ಪೇರೆಂಟ್-ಇನ್‌ಫಂಟ್ ಟೀಮ್’ ಎಂಬ ಪ್ರತ್ಯೇಕ ತಂಡ ಇರುತ್ತದೆ, ಕೆಲವು ಕಡೆ ಕೌನ್ಸಿಲ್ಲಿನ ಫ್ಯಾಮಿಲಿ ಹಬ್‌ನಲ್ಲಿ ಸಿಗುತ್ತದೆ, ಕೆಲವು ಕಡೆ ಇಲ್ಲವೇ ಇಲ್ಲ. ಕೇಳುವಾಗ ‘ನನ್ನ ಖಿನ್ನತೆಗೆ ಚಿಕಿತ್ಸೆ ನಡೆದಿದೆ, ಮಗುವಿನ ಜೊತೆಗಿನ ಒಡನಾಟಕ್ಕೂ ನೆರವು ಬೇಕು’ ಎಂದು ಎರಡನ್ನೂ ಬೇರೆ ಮಾಡಿ ಹೇಳಿ. ಮಗು ನೋಟ ತಪ್ಪಿಸುತ್ತದೆ, ಎತ್ತಿಕೊಂಡರೂ ಸಮಾಧಾನವಾಗುವುದಿಲ್ಲ ಎಂಬಂಥ ಒಂದೆರಡು ಕಂಡ ಸಂಗತಿಗಳನ್ನೂ ಹೇಳಿ. ಮಾತಿನ ಚಿಕಿತ್ಸೆಗೆ ‘ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್’ಗೆ ಜಿಪಿ ಚೀಟಿಯಿಲ್ಲದೆ ನೇರವಾಗಿ ಅರ್ಜಿ ಹಾಕಬಹುದು, ಅದರಲ್ಲಿ ಮಗುವಿನ ವಯಸ್ಸು ಬರೆಯಲು ಮರೆಯಬೇಡಿ. ಎರಡು ವಾರದೊಳಗೆ ಪರಿಶೀಲನೆ, ಪರಿಶೀಲನೆಯಾದ ಒಂದು ತಿಂಗಳೊಳಗೆ ಚಿಕಿತ್ಸೆ ಎಂಬುದು ಇಲ್ಲಿನ ಮಾರ್ಗಸೂಚಿ. ತಡವಾದರೆ ಅದನ್ನೇ ಉಲ್ಲೇಖಿಸಿ ಫೋನ್ ಮಾಡಿ. ಖಿನ್ನತೆ ತೀವ್ರವಾಗಿದ್ದರೆ ಜಿಪಿ ಬಸುರಿ-ಬಾಣಂತಿಯರನ್ನು ನೋಡುವ ಪೆರಿನೇಟಲ್ ಮಾನಸಿಕ ಆರೋಗ್ಯ ತಂಡಕ್ಕೆ ಕಳಿಸುತ್ತಾರೆ, ಆಸ್ಪತ್ರೆಗೆ ಸೇರಲೇಬೇಕಾದಾಗ ಒಂದು ವರ್ಷದೊಳಗಿನ ಮಗುವನ್ನು ಜೊತೆಗಿರಿಸಿಕೊಳ್ಳಬಹುದಾದ ಘಟಕಗಳೂ ಇವೆ.

ಇದೆಲ್ಲ ಹೇಳಿಕೊಂಡರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ ನಮ್ಮವರಲ್ಲಿ ಬಲವಾಗಿದೆ. ಖಿನ್ನತೆ ಇದೆ ಎಂಬುದೊಂದೇ ಅದಕ್ಕೆ ಕಾರಣವಾಗುವುದಿಲ್ಲ. ನಿದ್ದೆಯೇ ಬೇಡವಾಗುವುದು, ಇಲ್ಲದ್ದನ್ನು ಕಾಣುವುದು ಕೇಳುವುದು, ವಿಚಿತ್ರ ನಂಬಿಕೆಗಳು ಹುಟ್ಟುವುದು, ತನಗೋ ಮಗುವಿಗೋ ಹಾನಿ ಮಾಡುವ ಯೋಚನೆ ಬಿಡದಿರುವುದು ಕಂಡರೆ ಮಾತ್ರ ಯಾವ ಭೇಟಿಗೂ ಕಾಯದೆ 111ಕ್ಕೆ ಫೋನ್ ಮಾಡಿ ಮಾನಸಿಕ ಆರೋಗ್ಯದ ಆಯ್ಕೆಯಾದ 2 ಒತ್ತಬೇಕು. ಆ ಕ್ಷಣದ ಅಪಾಯವಿದ್ದರೆ 999.

ಮನೆ ಬದಲಿಸುವವರಿಗೊಂದು ಮಾತು. ಹೆಲ್ತ್ ವಿಸಿಟರ್ ತಂಡವೂ ಪೇರೆಂಟ್-ಇನ್‌ಫಂಟ್ ತಂಡವೂ ನೀವಿರುವ ಪ್ರದೇಶಕ್ಕೆ ಕಟ್ಟುಬಿದ್ದವು. ಬಾಡಿಗೆ ಮನೆ ಬಿಟ್ಟು ಬೇರೆ ಕೌನ್ಸಿಲ್ಲಿಗೆ ಹೋದರೆ ಸರದಿಯಲ್ಲಿ ನಿಮಗಿದ್ದ ಜಾಗವೂ ಹೋಗಬಹುದು. ಹೊರಡುವ ಮುನ್ನ ಈವರೆಗಿನ ಅಂಕಗಳು, ಯಾರಿಗೆ ಯಾವಾಗ ಬರೆದರು ಎಂಬ ವಿವರಗಳಿರುವ ಪತ್ರವನ್ನು ಕೇಳಿ ಪಡೆದು ಹೊಸ ಜಿಪಿಗೆ ಸೇರುವ ದಿನವೇ ಕೊಡಿ. ಸ್ಕಾಟ್ಲೆಂಡ್ ಅಥವಾ ವೇಲ್ಸ್‌ಗೆ ಹೋಗುವವರಾದರೆ ಭೇಟಿಗಳ ವೇಳಾಪಟ್ಟಿಯೇ ಬೇರೆ, ಅಲ್ಲಿನ ಹೆಲ್ತ್ ವಿಸಿಟರ್ ತಂಡವನ್ನು ಹೊಸದಾಗಿ ಸಂಪರ್ಕಿಸಬೇಕಾಗುತ್ತದೆ.