45ಕ್ಕೆ ಪ್ಲಾಂಟ್ ಬಿಟ್ಟು ಸೋಲಾರ್ ಕೆಲಸಕ್ಕೆ: ರಾಜೀನಾಮೆಗೆ ಮೊದಲು

ತೋರಣಗಲ್ಲಿನ ಉಕ್ಕಿನ ಪ್ಲಾಂಟ್‌ನಲ್ಲಿ 18 ವರ್ಷ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿದವರು ಸೋಲಾರ್ ಅಳವಡಿಕೆಗೆ ಬರುತ್ತಾರೆ ಅಂತಿಟ್ಟುಕೊಳ್ಳಿ. ಬೇಸಿಕ್, ಡಿಎ ಸೇರಿ 26,000 ರೂಪಾಯಿ. ಅದನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ 18ರಿಂದ ಗುಣಿಸಿದರೆ ಗ್ರಾಚ್ಯುಟಿ 2,70,000. ಮನೆ ಖರ್ಚು ತಿಂಗಳಿಗೆ 30,000 ಇದ್ದರೆ ಇದು ಒಂಬತ್ತೇ ತಿಂಗಳು. ಇನ್ನೊಂದು 90,000 ಕೂಡಿಸಿಟ್ಟು, ವರ್ಷದ ಖರ್ಚು ಕೈಯಲ್ಲಿದ್ದಾಗ ಬಿಡಿ. ಪಿಎಫ್ ಮುಟ್ಟಬೇಡಿ.

ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಬಿಪಿ, ಶುಗರ್ ಇದ್ದವರಿಗೆ ಹೊಸ ಪಾಲಿಸಿಯಲ್ಲಿ ಆ ಕಾಯಿಲೆಗಳ ಖರ್ಚು ಕೊಡಲು ಮೂರು ವರ್ಷದವರೆಗೂ ಕಾಯಿಸಬಹುದು. ಆದ್ದರಿಂದ ಸಂಬಳ ಬರುತ್ತಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ.

ಕಲಿಕೆಯಲ್ಲಿ ಎಸಿ ಚೆನ್ನಾಗಿ ಬಲ್ಲವರೇ ಎಡವುತ್ತಾರೆ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಬೇಗ ಆರುತ್ತದೆ. ಪ್ಯಾನೆಲ್‌ನ ಡಿಸಿ ಹಾಗೆ ಇಳಿಯುವುದಿಲ್ಲ. ಲೋಡ್ ಇರುವಾಗ ಕನೆಕ್ಟರ್ ಕಿತ್ತರೆ ಆರ್ಕ್ ಉರಿಯುತ್ತಲೇ ಇರುತ್ತದೆ. ಮೊದಲು ಇನ್ವರ್ಟರ್ ನಿಲ್ಲಿಸಿ, ಡಿಸಿ ಐಸೊಲೇಟರ್ ಆಫ್ ಮಾಡಿ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ ಕರೆಂಟ್ ಸೊನ್ನೆ ನೋಡಿಯೇ ಕೈ ಹಾಕಬೇಕು.

ಇದನ್ನು ರಜೆಯ ದಿನ ಇನ್‌ಸ್ಟಾಲರ್ ಒಬ್ಬರ ಜೊತೆ ಹೆಲ್ಪರ್ ಆಗಿ ಕಲಿಯಿರಿ. ಅಲ್ಲಿ ನಿಮ್ಮನ್ನು ಯಾರೂ ‘ಸರ್’ ಅನ್ನುವುದಿಲ್ಲ, 25ರ ಹುಡುಗ ಕೆಲಸ ಹೇಳುತ್ತಾನೆ. ಅದು ಒಗ್ಗುತ್ತದೆಯೇ ಅನ್ನುವುದು ನೌಕರಿ ಇರುವಾಗಲೇ ತಿಳಿಯಲಿ.